ಒಂಬತ್ತು ಲಾಡಿ ನೈಟಿಗಳ ಸಾಲು

ನನ್ನ ಅಕ್ಕನಿಗೆ ಲೆಕ್ಕ ಬರುವುದಿಲ್ಲ ಎಂದು ನಾನು ಚಿಕ್ಕಂದಿನಿಂದಲೂ ಊರಿಗೆಲ್ಲ ಸಾರಿಕೊಂಡು ಬಂದವಳು. ಅವಳಿಗೆ ಬರುವುದು ಅಳತೆ. ಬಾಗಿಲಲ್ಲಿ ನಿಂತವರನ್ನು ಒಂದು ಸಲ ನೋಡಿ, "ಎದೆ ನಲವತ್ತು, ಉದ್ದ ಐವತ್ತು, ಬಲ ಭುಜ ಸ್ವಲ್ಪ ಇಳಿಜಾರು" ಎಂದುಬಿಡುತ್ತಾಳೆ. ಟೇಪು ಹಿಡಿದರೆ ಕಾಲಿಂಚೂ ಆಚೀಚೆ ಇರುವುದಿಲ್ಲ. ಅದೇ ಹೆಂಗಸನ್ನು ಈ ತಿಂಗಳು ಎಷ್ಟು ಉಳಿಯಿತು ಎಂದು ಕೇಳಿ ನೋಡಿ, "ನಡೀತಿದೆಯಲ್ಲ" ಎನ್ನುತ್ತಾಳೆ. ಇಷ್ಟೇ ಅವಳ ವಾಣಿಜ್ಯಶಾಸ್ತ್ರ.

ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಮದುವೆಯಾದ ಎರಡನೇ ವರ್ಷ ಭಾವ ತೀರಿಕೊಂಡರು. ಮಕ್ಕಳಿಲ್ಲ. ಅಂದಿನಿಂದ ಮೂವತ್ತು ವರ್ಷ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಹೊಲಿದಿದ್ದಾಳೆ. ಎರಡು ಮಿಷನ್ನು, ಹಳೇ ಬಾಗಿಲೊಂದನ್ನು ಎರಡು ಸ್ಟ್ಯಾಂಡಿನ ಮೇಲೆ ಮಲಗಿಸಿ ಮಾಡಿದ ಕತ್ತರಿಸುವ ಮೇಜು, ಒಂದು ಇಸ್ತ್ರಿ ಪೆಟ್ಟಿಗೆ, ನೆಲದ ತುಂಬ ಚಿಂದಿ. ನಾನು ಔಷಧಿ ಅಂಗಡಿಯೊಂದರಲ್ಲಿ ಹದಿನೆಂಟು ವರ್ಷ ಬಿಲ್ಲು ಬರೆದು, ಆ ಅಂಗಡಿ ಮುಚ್ಚಿದ ಮೇಲೆ ಇವಳ ಜೊತೆ ಸೇರಿಕೊಂಡೆ. ಬಂದ ವಾರದಲ್ಲೇ ಫೋನಿಗೊಂದು ಸ್ಟ್ಯಾಂಡು ತಂದು, ಇವಳು ಬಟ್ಟೆ ಕತ್ತರಿಸುವುದನ್ನು ಲೈವ್ ತೋರಿಸಲು ಶುರುಮಾಡಿದೆ. ಶನಿವಾರ ಸಂಜೆ ನಾಲ್ಕಕ್ಕೆ. "ಕಂಪ್ಯೂಟರಮ್ಮ ಬಂದ್ಲು, ಇನ್ನು ನನ್ನ ಕತ್ತರಿಗೂ ಪಾಸ್‌ವರ್ಡು" ಎಂದು ಗೊಣಗಿದಳು. ಗೊಣಗುತ್ತಲೇ ಮೂರು ವರ್ಷದಲ್ಲಿ ಹದಿನೆಂಟು ಸಾವಿರ ಫಾಲೋವರುಗಳನ್ನು ಗಳಿಸಿದಳು.

ಅವರಲ್ಲಿ ಮೊದಲನೆಯವರನ್ನು ನಾವು ಹಾಜರಿ ಟೀಚರ್ ಎಂದು ಕರೆಯುತ್ತಿದ್ದೆವು. ಪಾಠ ಹೇಳಿ ನಿವೃತ್ತರಾದವರು. ಲೈವ್ ಶುರುವಾದ ಅರೆ ನಿಮಿಷದಲ್ಲಿ "ಹಾಜರ್" ಎಂದು ಬರೆಯುವರು. ಅಕ್ಕ ಬೆಲೆ ಕೂಡಿಸಿ ಹೇಳುವಾಗ ತಪ್ಪಿದರೆ, "ಟೈಲರಮ್ಮ, ಐವತ್ತು ಕಮ್ಮಿ ಹೇಳಿದ್ರಿ, ನಿಮಗೇ ನಷ್ಟ" ಎಂದು ತಿದ್ದುವರು. ಅಕ್ಕ ಬಾಯಿತುಂಬ ನಗುವಳು. ಇಬ್ಬರೂ ಮುಖತಃ ಭೇಟಿಯಾದವರಲ್ಲ. ಆದರೆ ಲೈವ್ ಮುಗಿದ ಮೇಲೂ ಸಂದೇಶಗಳಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು. ನನ್ನ ಜೊತೆ ಇಡೀ ದಿನ ಮೂರು ಮಾತಾಡದವಳು ಆ ಹೆಂಗಸಿನ ಹತ್ತಿರ ತನ್ನ ಮಂಡಿನೋವಿನಿಂದ ಹಿಡಿದು ಭಾವನ ಸುದ್ದಿಯವರೆಗೂ ಹೇಳಿಕೊಂಡಿದ್ದಳು. ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಸುಳ್ಳಾದೀತು.

ಹೀಗಿರುವಾಗ ಬಟ್ಟೆಯ ದೊಡ್ಡ ಅಂಗಡಿಯೊಂದರ ಖರೀದಿ ಮ್ಯಾನೇಜರ್ ನಮ್ಮ ಮೆಟ್ಟಿಲು ಹತ್ತಿ ಬಂದಳು. ನಮ್ಮ ಬಟ್ಟೆಗಳನ್ನು ಅವರ ಅಂಗಡಿಯಲ್ಲಿ ಇಡುವ ಯೋಚನೆ. ಅದಾದರೆ ಇನ್ನೊಂದು ಕೋಣೆ ಹಿಡಿಯಬಹುದು, ಇಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು, ಅಕ್ಕನ ಮಂಡಿಗೆ ಸ್ವಲ್ಪ ಬಿಡುವು ಸಿಗಬಹುದು. "ಹದಿನೆಂಟು ಸಾವಿರ ಫಾಲೋವರ್ಸ್ ನನಗೆ ಬೇಡ. ಅವರಲ್ಲಿ ಎಷ್ಟು ಜನ ಕೊಂಡ್ರು, ಕೊಂಡೋರಲ್ಲಿ ಎಷ್ಟು ಜನ ಮತ್ತೆ ಬಂದ್ರು, ಒಬ್ಬೊಬ್ಬರು ನಿಮ್ಮ ಹತ್ರ ಎಷ್ಟು ಕಾಲ ಇರ್ತಾರೆ, ಅದನ್ನ ತೋರ್ಸಿ. ಶುಕ್ರವಾರ ಬರ್ತೀನಿ" ಎಂದಳು.

ಅದು ನನಗೆ ಹೇಳಿ ಮಾಡಿಸಿದ ಕೆಲಸ. ಮೂರು ವರ್ಷದ ಆರ್ಡರುಗಳನ್ನೆಲ್ಲ ಒಂದು ಶೀಟಿಗೆ ಹಾಕಿದೆ. ಜನ ಅಕೌಂಟಿನ ಹೆಸರನ್ನು ಅಂಗಿಯಂತೆ ಬದಲಿಸುತ್ತಾರೆ, ಅದಕ್ಕೇ ಫೋನ್ ನಂಬರನ್ನು ಗುರುತಾಗಿ ಹಿಡಿದೆ. ಒಂದು ನಂಬರಿಗೆ ಒಂದು ಸಾಲು. ಮೊದಲು ಕೊಂಡದ್ದು ಯಾವಾಗ, ಏನು, ಆಮೇಲೆ ಎಷ್ಟು ಸಲ, ನಡುವೆ ಎಷ್ಟು ದಿನದ ಅಂತರ, ಆ ಅಂತರದ ಮೇಲೆ ಮುಂದಿನ ಖರೀದಿ ಯಾವಾಗ ಬರಬೇಕು. ಕೊಂಡವರು ಒಟ್ಟು ಆರುನೂರ ಹನ್ನೆರಡು ಜನ. ಮತ್ತೆ ಬಂದವರು ಇನ್ನೂರ ಹದಿನೈದು. ಆಮೇಲೆ, ಮೊದಲು ಯಾವ ಬಟ್ಟೆ ಕೊಂಡರು ಎನ್ನುವುದರ ಮೇಲೆ ಅವರನ್ನು ವಿಂಗಡಿಸಿದೆ. ಆಗ ಕಣ್ಣಿಗೆ ಬಿದ್ದದ್ದು ಲಾಡಿ ನೈಟಿ.

ಲಾಡಿ ನೈಟಿ ಎಂದರೆ ತಲೆಯ ಮೇಲಿಂದ ಹಾಕಿಕೊಳ್ಳದೆ ಮುಂದೆ ಲಾಡಿ ಕಟ್ಟಿಕೊಳ್ಳುವ ಮೆತ್ತನೆಯ ಹತ್ತಿಯ ನೈಟಿ. ಒಂದೂವರೆ ವರ್ಷದ ಹಿಂದೆ ಪಕ್ಕದ ಮನೆಯ ಬಾಣಂತಿಗೆಂದು ಅಕ್ಕ ಹೊಲಿದದ್ದು, ಲೈವ್‌ನಲ್ಲಿ ಕಂಡವರು ನಮಗೂ ಬೇಕು ಎಂದರು. ಫ್ರಾಕು, ಟಾಪು ಕೊಂಡವರಲ್ಲಿ ಮತ್ತೆ ಬಂದವರು ನೂರಕ್ಕೆ ಮೂವತ್ತೊಂದು. ಲಾಡಿ ನೈಟಿ ಕೊಂಡ ಐವತ್ತೆಂಟು ಜನರಲ್ಲಿ ಮತ್ತೆ ಬಂದವರು ನಲವತ್ತೊಂದು. ನೂರಕ್ಕೆ ಎಪ್ಪತ್ತು! ಅದೂ ಏಳೆಂಟು ವಾರಕ್ಕೊಮ್ಮೆ ತಪ್ಪದೆ. ನಮ್ಮ ಹಳೇ ಗಿರಾಕಿಗಳು ಮೂರು ವರ್ಷದಿಂದ ಇದ್ದಾರಲ್ಲ ಎಂದು ಇವರಿಗೂ ಮೂರು ವರ್ಷ ಹಾಕಿದೆ. ಸರಾಸರಿ ಬಿಲ್ಲು, ವರ್ಷಕ್ಕೆ ಏಳು ಸಲ, ಮೂರು ವರ್ಷ ಗುಣಿಸಿ, ಬಟ್ಟೆ, ಹೊಲಿಗೆ, ಕೊರಿಯರ್ ಖರ್ಚು ಕಳೆದೆ. ಫ್ರಾಕಿನ ಗಿರಾಕಿಗಿಂತ ಲಾಡಿ ನೈಟಿಯ ಗಿರಾಕಿ ಆರು ಪಟ್ಟು ಬೆಲೆಬಾಳುವವಳು ಎಂದು ಬಂತು. ನಾನು ಎದ್ದು ಎರಡು ಲೋಟ ನೀರು ಕುಡಿದೆ.

ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನ ಸಾಲು ನಮ್ಮ ಹಾಜರಿ ಟೀಚರದು. ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಲಾಡಿ ನೈಟಿ. ಎದೆಯಳತೆ ಒಂದೊಂದು ಸಲಕ್ಕೆ ಒಂದೊಂದು. ನಲವತ್ತನಾಲ್ಕು ಎರಡು, ಆಮೇಲೆ ನಲವತ್ತೆರಡು, ನಲವತ್ತು ಎರಡು, ಮೂವತ್ತೆಂಟು, ಮೂವತ್ತಾರು, ಮೂವತ್ತನಾಲ್ಕು, ಮೂವತ್ಮೂರು. ನನಗೆ ಖುಷಿಯೋ ಖುಷಿ. ಒಬ್ಬ ಫಾಲೋವರು ಬಂದು ಮನೆಮಂದಿಯನ್ನೆಲ್ಲ ನಮ್ಮ ಗಿರಾಕಿ ಮಾಡಿದ್ದಾರೆ! ಕಮ್ಮಿಯೆಂದರೂ ನಾಲ್ಕು ಹೆಂಗಸರಿರುವ ಮನೆ ಎಂದು ಲೆಕ್ಕ ಹಾಕಿದೆ. ಅಕ್ಕನನ್ನು ಒಂದು ಮಾತೂ ಕೇಳದೆ ಟೀಚರಿಗೆ ಸಂದೇಶ ಕಳಿಸಿದೆ. "ನಿಮ್ಮ ಮನೆಯ ನಾಲ್ವರೂ ನಮ್ಮ ಬಟ್ಟೆ ತೊಡುತ್ತಿರುವುದು ನಮ್ಮ ಭಾಗ್ಯ. ಐದನೆಯವರಿಗೆ ಕೊಂಡರೆ ಅರ್ಧ ಬೆಲೆ."

ಮಧ್ಯಾಹ್ನ ಊಟ ಮಾಡಿ ಬಂದ ಅಕ್ಕನನ್ನು ಎಳೆದು ತಂದು ಆ ಸಾಲು ತೋರಿಸಿದೆ. ಅವಳು ಈ ಸಂಖ್ಯೆಗಳನ್ನು ಒಟ್ಟಿಗೆ ನೋಡಿದ್ದೇ ಇಲ್ಲ. ಆರ್ಡರ್ ತೆಗೆದುಕೊಳ್ಳುವವಳು ನಾನು. ಅವಳ ಮೇಜಿಗೆ ಹೋಗುವುದು ಅಳತೆಯ ಚೀಟಿ ಮಾತ್ರ, ಎರಡು ತಿಂಗಳಿಗೊಂದು, ನೂರಾರು ಚೀಟಿಗಳ ನಡುವೆ, ಹೆಸರಿಲ್ಲದೆ. ಕನ್ನಡಕ ಮೂಗಿಗಿಳಿಸಿ ನೋಡಿದಳು. ಬೆರಳಿಟ್ಟು ಒಂದೊಂದೇ ಓದಿದಳು. ಮತ್ತೆ ಮೊದಲಿನಿಂದ ಓದಿದಳು.

"ಉದ್ದ ಯಾಕೆ ಎಲ್ಲಕ್ಕೂ ಐವತ್ತೆರಡು?"

"ಒಂದೇ ಮನೆಯ ನಾಲ್ಕು ಹೆಂಗಸರಲ್ವಾ, ಎಲ್ರೂ ಉದ್ದ ಇರ್ಬೇಕು."

"ಈ ಷರಾ ಏನು?"

"ಎಡತೋಳು ಒಂದಿಂಚು ಸಡಿಲ ಇರ್ಲಿ ಅಂತ. ಪ್ರತಿ ಸಲ ಬರೀತಾರೆ."

"ನಾಲ್ಕು ಹೆಂಗಸರಿಗೂ ಎಡಗೈ ದಪ್ಪನೇನೇ?"

ನಾನು ಷರಾಗಳನ್ನು ಮೇಲಿಂದ ಕೆಳಗೆ ಮತ್ತೆ ಓದಿದೆ, ಒಂಬತ್ತೂ ಎಡತೋಳೇ.

"ಇದು ಒಬ್ಬಳೇ ಕಣೆ," ಎಂದಳು ಅಕ್ಕ. ದನಿ ಏರಿಸಲಿಲ್ಲ. "ಮೂಳೆ ಅಷ್ಟೇ ಇದೆ, ಮೈ ಕರಗ್ತಿದೆ. ಎದೆ ಆಪರೇಷನ್ ಆದೋರಿಗೆ ಆ ಕಡೆ ಕೈ ಊದುತ್ತೆ. ಹದಿನಾಲ್ಕು ತಿಂಗಳಲ್ಲಿ ಹನ್ನೊಂದು ಇಂಚು. ದೇವರೇ. ಪ್ರತಿ ಶನಿವಾರ ನನ್ನ ಮಂಡಿನೋವು ವಿಚಾರಿಸ್ತಾರಲ್ಲೇ ಇವರು." ಆಮೇಲೆ ನನ್ನ ಮುಖ ನೋಡಿ, "ಏನಾದ್ರೂ ಕಳಿಸಿದ್ಯಾ ಅವರಿಗೆ?" ಎಂದು ಕೇಳಿದಳು.

ಕಳಿಸಿದ್ದೆನಲ್ಲ. ಅಳಿಸಿಹಾಕಲು ಓಡಿದೆ, ಅಷ್ಟರಲ್ಲಿ ಅವರು ಓದಿಯಾಗಿತ್ತು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ಉತ್ತರ ಮರುದಿನ ಬೆಳಿಗ್ಗೆ ಬಂತು. "ಮನೆಯಲ್ಲಿ ಇರೋದು ನಾನೊಬ್ಬಳೇ ಅಮ್ಮ. ನಾಲ್ಕು ಜನ ಅಂತ ಓದಿ ನಗು ಬಂತು. ಉಳಿದ ಮೂವರು ಎಲ್ಲಿದ್ದಾರೋ ಬೇಗ ಕಳಿಸಿಕೊಡಿ, ಒಂದು ಲೋಟ ನೀರು ತಂದುಕೊಡೋಕಾದ್ರೂ ಆಗ್ತಾರೆ." ಅಕ್ಕನಿಗೆ ಓದಿ ಹೇಳಿದೆ. ಅಕ್ಕ ಕೇಳಿಸಿಕೊಂಡು ಕತ್ತರಿ ಕೆಳಗಿಟ್ಟಳು. "ನಾಳೆ ಹೋಗೋಣ. ಇಷ್ಟು ದಿನ ಅವರು ತಾವೇ ಅಳೆದು ಕಳಿಸಿದ್ದು. ಒಂದನ್ನಾದ್ರೂ ನನ್ನ ಕೈಯಾರೆ ಅಳತೆ ತಗೊಂಡು ಹೊಲಿದು ಕೊಡ್ಬೇಕು. ಅದು ಅವರ ಮೈಮೇಲೆ ಬೀಳ್ಬೇಕು. ಅಷ್ಟಾದ್ರೆ ಸಾಕು ನನಗೆ."

ಆ ದಿನ ಉಳಿದ ನಲವತ್ತು ನಂಬರಿಗೂ ಫೋನ್ ಹಚ್ಚಿದೆ. ಅಕ್ಕ ಹೇಳಿದ್ದಲ್ಲ, ನನಗೇ ತಡೆಯಲಾಗಲಿಲ್ಲ. ಏಳು ಜನ ಬಾಣಂತಿಯರು. ಐದು ಜನ ಸುಮ್ಮನೆ ಹಿತವಾಗಿದೆ ಎಂದು ಕೊಂಡವರು. ಉಳಿದ ಇಪ್ಪತ್ತೆಂಟೂ ಹಾಸಿಗೆ ಹಿಡಿದವರಿಗಾಗಿ. ತಾಯಿಗೆ, ಅತ್ತೆಗೆ, ಹೆಂಡತಿಗೆ. ಮೈ ಇಳಿದಂತೆಲ್ಲ ಚಿಕ್ಕದು ಬೇಕಾಗುತ್ತಿತ್ತು, ಅದಕ್ಕೇ ಮತ್ತೆ ಮತ್ತೆ ಕೊಂಡಿದ್ದರು. ಅದರಲ್ಲಿ ಹನ್ನೆರಡು ನಂಬರಿನ ಮುಂದೆ ನನ್ನ ಶೀಟಿನಲ್ಲಿ 'ಖರೀದಿ ತಡವಾಗಿದೆ, ರಿಯಾಯಿತಿ ಕೊಟ್ಟು ಕರೆಯಬೇಕು' ಎಂದಿತ್ತು. ಹನ್ನೆರಡು ಮನೆಯಲ್ಲೂ ಉತ್ತರ ಒಂದೇ. ಒಬ್ಬ ಯಜಮಾನರು, "ನಿಮ್ಮ ನೀಲಿ ನೈಟಿ ಅಂದ್ರೆ ಅವಳಿಗೆ ಪ್ರಾಣ ಅಮ್ಮ. ಅದನ್ನೇ ಹಾಕಿ ಕಳಿಸಿಕೊಟ್ವಿ" ಎಂದರು. ನಾನು ಕ್ಷಮಿಸಿ ಎಂದೆ. ಅವರು, "ಇಲ್ಲ, ವಿಚಾರಿಸಿದಿರಲ್ಲ, ಸಂತೋಷ" ಎಂದರು. ಫೋನಿಟ್ಟು ಅತ್ತೆ. ಈ ಹೆಂಗಸರನ್ನೇ ಅಲ್ಲವೇ ನಾನು ಮೂರು ವರ್ಷಕ್ಕೆ ಗುಣಿಸಿದ್ದು.

ಗುರುವಾರ ಮೂರು ಗಂಟೆ ಕಾಲ ಬಸ್ಸಿನಲ್ಲಿ ಕೂತು ಪಾರ್ಸೆಲ್ಲಿನ ಮೇಲಿನ ವಿಳಾಸ ಹುಡುಕಿಕೊಂಡು ಹೋದೆವು. ಮೇಲಿನ ಮಹಡಿ, ಒಂದು ಕೋಣೆ, ಒಂದು ಅಡಿಗೆಮನೆ. ಕೆಳಗಿನ ಮನೆಯ ಹೆಂಗಸು ಬೀಗದ ಕೈ ತಂದು ಬಾಗಿಲು ತೆಗೆದಳು. ಕಿಟಕಿಯ ಹತ್ತಿರ ಮಂಚ. ಅದರ ಮೇಲೆ ನಮ್ಮ ಒಂಬತ್ತನೇ ನೈಟಿ, ಅದರೊಳಗೆ ಟೀಚರು. ಮೂವತ್ಮೂರೂ ಈಗ ಅವರಿಗೆ ದೊಡ್ಡದಾಗಿತ್ತು.

"ಟೈಲರಮ್ಮ, ವಿಡಿಯೋದಲ್ಲಿ ಇಷ್ಟು ಕುಳ್ಳಗೆ ಕಾಣಲ್ಲ ನೀವು," ಎಂದರು ಟೀಚರು.

ಅಕ್ಕ ನಗಲು ಹೋಗಿ ಆಗದೆ ಮಂಚದ ಅಂಚಿಗೆ ಕೂತು ಅವರ ಕೈ ಹಿಡಿದುಕೊಂಡಳು. "ಒಂದು ಮಾತು ಹೇಳ್ಬಾರ್ದಿತ್ತಾ ಟೀಚರ್? ನಾನು ನನ್ನ ಮಂಡಿ ಪುರಾಣ ಬಿಚ್ಕೊಂಡು ಕೂತಿರ್ತಿದ್ದೆ."

"ಎಲ್ರೂ ನನ್ನ ರಿಪೋರ್ಟಿನ ಬಗ್ಗೆ ಮಾತಾಡ್ತಿದ್ರು. ಮಂಡಿ ಬಗ್ಗೆ ಮಾತಾಡೋರು ನೀವೊಬ್ರೇ ಇದ್ದಿದ್ದು. ಕೆಡಿಸ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನನ್ನ ಮನೆಗೆ ನಾಲ್ಕು ಜನರನ್ನ ಸೇರಿಸಿದೋಳು ನೀನೇನಮ್ಮ?"

ನಾನು ಅವರ ಕಾಲ ಬಳಿ ನಿಂತು ತಪ್ಪಾಯಿತು ಎಂದೆ. "ತಪ್ಪು ಲೆಕ್ಕದ್ದಲ್ಲ. ಕೊಟ್ಟ ಸಂಖ್ಯೆ ಸರಿಯಾಗೇ ಇತ್ತು. ಒಂದ್ಸಲ ಕೇಳ್ಬೇಕಿತ್ತು, ಅಷ್ಟೇ," ಎಂದರು. ನಿಜವಾಗಿಯೂ ಟೀಚರೇ. ಹೊಡೆಯದೆ ಬೈಯದೆ ಬುದ್ಧಿ ಕಲಿಸಿದರು.

ಅಕ್ಕ ಟೇಪು ತೆಗೆದಳು. ಕೆಳಗಿನ ಮನೆಯವಳು ಬೆನ್ನಿಗೆ ಕೈಕೊಟ್ಟು ಅವರನ್ನು ಕೂರಿಸಿದಳು. ನಾನು ಪುಸ್ತಕ, ಪೆನ್ನು ಹಿಡಿದೆ. ಉದ್ದ ಐವತ್ತೆರಡು. ಭುಜ ಹದಿಮೂರು. ಎಡತೋಳನ್ನು ಅಕ್ಕ ಎಷ್ಟು ಮೆಲ್ಲಗೆ ಸುತ್ತಿದಳೆಂದರೆ ಟೇಪು ಚರ್ಮಕ್ಕೆ ತಾಗಿತೋ ಇಲ್ಲವೋ. ಕೊನೆಗೆ ಎದೆ. ಟೇಪಿನ ಎರಡು ತುದಿ ಸೇರಿದ ಕಡೆ ಅವಳ ಹೆಬ್ಬೆರಳು ಮೂವತ್ತರ ಮೇಲಿತ್ತು. ನಾನು ನನ್ನ ಕಣ್ಣಾರೆ ಕಂಡೆ.

"ಮೂವತ್ತನಾಲ್ಕು," ಎಂದಳು ಅಕ್ಕ.

ಮೂವತ್ತು ವರ್ಷದಲ್ಲಿ ಅವಳ ಬಾಯಿಂದ ತಪ್ಪು ಅಳತೆ ಬಂದದ್ದನ್ನು ನಾನು ಕೇಳಿರಲಿಲ್ಲ. ಪೆನ್ನು ಹಾಗೇ ನಿಂತಿತು. ಅವಳು ನನ್ನತ್ತ ತಿರುಗದೆಯೇ, "ಬರಿ, ಮೂವತ್ತನಾಲ್ಕು" ಎಂದಳು.

"ಹೋದ ಸಲ ಮೂವತ್ಮೂರಿತ್ತು," ಎಂದರು ಟೀಚರು. "ಹಾಗಾದ್ರೆ ಒಂದಿಂಚು ಮೈ ಕೈ ತುಂಬ್ಕೊಂಡಿದೀನಿ."

"ಹೂಂ ಟೀಚರ್. ಮುಖದಲ್ಲೂ ಕಳೆ ಬಂದಿದೆ."

ದುಡ್ಡು ಬೇಡ ಎಂದು ಅಕ್ಕ ಎಷ್ಟು ಹೇಳಿದರೂ ಅವರು ಬಗ್ಗಲಿಲ್ಲ. "ಗಿರಾಕಿಯಾಗಿ ಬಂದೋಳು, ಗಿರಾಕಿಯಾಗೇ ಇರ್ತೀನಿ. ಸಾಲಲ್ಲಿ ಹತ್ತನೇದು ಅಂತ ಬರ್ಕೊಳ್ಳಿ" ಎಂದು ಫೋನಿನಲ್ಲೇ ಹಾಕಿದರು. ವಾಪಸು ಬರುವಾಗ ಮೂರು ಗಂಟೆಯೂ ಅಕ್ಕ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಿದ್ದಳು. 

ಶುಕ್ರವಾರ ಮ್ಯಾನೇಜರ್ ಬಂದಳು. ಲಾಡಿ ನೈಟಿಯವರಿಗೆ ಹಾಕಿದ್ದ ಮೂರು ವರ್ಷದ ಅಂಕಿಯನ್ನು ಅಳಿಸಿ, ಕೊಳ್ಳುವುದು ನಿಂತವರು ಸರಾಸರಿ ಎಷ್ಟು ಕಾಲ ಇದ್ದರು ಎನ್ನುವುದನ್ನು ಹಾಕಿದ್ದೆ. ಒಂಬತ್ತು ತಿಂಗಳು. ಯಾಕೆ ಎನ್ನುವುದನ್ನೂ ಹೇಳಿದೆ. ಅವಳು ಕೆಟ್ಟವಳಲ್ಲ, ಶೀಟನ್ನು ಇನ್ನೊಮ್ಮೆ ಮೇಲಿಂದ ಓದಿದಳು. ಆಮೇಲೆ, "ಬೇಜಾರಿನ ವಿಷಯ. ಆದ್ರೆ ಇವರು ಉಳಿಯೋ ಗಿರಾಕಿಗಳಲ್ಲ. ಫ್ರಾಕು, ಟಾಪಿನೋರು ಕಮ್ಮಿ ಸಲ ಬಂದ್ರೂ ಮೂರು ವರ್ಷ ಇದ್ದಾರೆ. ಅದನ್ನ ತಗೋತೀವಿ. ಲಾಡಿ ನೈಟಿ ನಿಲ್ಸಿ, ಎರಡೂ ಮಿಷನ್ನು ನಮ್ಮ ಕೆಲಸಕ್ಕೇ ಬಿಡಿ" ಎಂದಳು.

ಮಾತು ನ್ಯಾಯವಾಗಿಯೇ ಇತ್ತು. ನಾನೇ ಆ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದೆ. ಅಕ್ಕ ಮಿಷನ್ನಿನಿಂದ ತಲೆ ಎತ್ತದೆ, "ಇದು ನಿಲ್ಸೋಕಾಗಲ್ಲಮ್ಮ" ಎಂದಳು. ಸೂಜಿಯ ಕೆಳಗೆ ಟೀಚರ ಹತ್ತನೇ ನೈಟಿ ಓಡುತ್ತಿತ್ತು. ಮ್ಯಾನೇಜರ್ ಯೋಚಿಸಿ ಹೇಳುತ್ತೇವೆ ಎಂದು ಇಳಿದುಹೋದಳು, ಮತ್ತೆ ಬರಲಿಲ್ಲ. ನನಗೆ ಕೋಪ ಬಂದದ್ದು ನಿಜ. ಅಕ್ಕನಿಗೆ ಅದು ಗೊತ್ತಿತ್ತು.

ಆ ನೈಟಿಯನ್ನು ಅವಳು ಮೂವತ್ತರ ಅಳತೆಗೇ ಕತ್ತರಿಸಿದ್ದಳು. ಒಳಗೆ ಕುತ್ತಿಗೆಯ ಹತ್ತಿರ ಹಚ್ಚುವ ಪಟ್ಟಿಯ ಮೇಲೆ ಮಾತ್ರ ಮೂವತ್ತನಾಲ್ಕು ಎಂದು ನೂಲಿನಲ್ಲಿ ಬರೆದಳು. ಶನಿವಾರ ಮೊದಲ ಸಲ ಲೈವ್ ತಪ್ಪಿಸಿ, ತಾನೇ ಬಸ್ಸು ಹತ್ತಿ ಕೊಟ್ಟು ಬಂದಳು. "ಸರಿಯಾಗಿ ಕೂತಿತು ಕಣೆ. ಎಲ್ಲೂ ಹಿಡೀಲಿಲ್ಲ, ಎಲ್ಲೂ ಜೋತುಬೀಳ್ಲಿಲ್ಲ" ಎಂದಳು ಬಂದು. ಆ ವಾರವೆಲ್ಲ ಅವಳ ಮುಖ ನೆಮ್ಮದಿಯಾಗಿತ್ತು.

ಹನ್ನೊಂದನೇ ದಿನ ಕೆಳಗಿನ ಮನೆಯವಳ ಫೋನು ಬಂತು. ಅಕ್ಕನ ಕೈಯಲ್ಲಿ ಬಟ್ಟೆಯಿತ್ತು, ನಾನೇ ಸ್ಪೀಕರಿಗೆ ಹಾಕಿದೆ. ಬೆಳಗಿನ ಜಾವ ಹೋದರಂತೆ, ನಿದ್ದೆಯಲ್ಲಿ. ಹೆಚ್ಚು ನರಳಲಿಲ್ಲವಂತೆ. ಆ ನೈಟಿಯನ್ನು ಒಗೆದು ಒಣಗಿಸಿ ಅದನ್ನೇ ಹಾಕು ಎನ್ನುತ್ತಿದ್ದರಂತೆ.

"ಮೊದಲ ದಿನವೇ ಒಳಗಿನ ಪಟ್ಟಿ ತಿರುಗಿಸಿ ನೋಡಿದ್ರಮ್ಮ," ಎಂದಳು ಅವಳು. "ಮೂವತ್ತನಾಲ್ಕು ಅಂತ ಓದ್ಕೊಂಡು ನಕ್ಕರು. 'ಪಾಪ, ನನಗೋಸ್ಕರ ಸುಳ್ಳು ಹೇಳೋಕೆ ಎಷ್ಟು ಕಷ್ಟಪಟ್ರೋ. ಗೊತ್ತಾಯ್ತು ಅಂತ ಅವರಿಗೆ ಹೇಳ್ಬೇಡ' ಅಂದ್ರು. ನನಗೆ ಹೇಳದೇ ಇರೋಕಾಗ್ಲಿಲ್ಲ."

ಅಕ್ಕ ಕೈಯಲ್ಲಿದ್ದ ತೋಳನ್ನು ಹೊಲಿದು ಮುಗಿಸಿದಳು.

ತಿಂಗಳ ಕೊನೆಗೆ ಶೀಟು ತೆಗೆದೆ. ಟೀಚರ ಸಾಲಿನಲ್ಲಿ ಹತ್ತು ಖರೀದಿ, ಅದರ ಪಕ್ಕದಲ್ಲಿ ಮುಂದಿನ ಖರೀದಿಯ ದಿನಾಂಕ ತಾನಾಗಿಯೇ ಬಂದು ಕೂತಿತ್ತು. 'ನಿಂತವರು' ಎಂದು ಗುರುತು ಹಾಕಿದರೆ ಮಾತ್ರ ಅದು ಹೋಗುತ್ತದೆ. ನನ್ನ ಕೈ ಬರಲಿಲ್ಲ. ಅವರೊಬ್ಬರದು ಹಾಗೇ ಇರಲಿ, ಒಂದು ಸಾಲಿನಿಂದ ಏನಾಗುತ್ತದೆ ಎಂದು ಮುಚ್ಚಲು ಹೊರಟೆ. ಅಕ್ಕ ಹಿಂದೆ ಬಂದು ನಿಂತಿದ್ದಳು.

"ನಿಂತರು ಅಂತ ಬರಿ," ಎಂದಳು.

"ಬೇಡ ಬಿಡಕ್ಕ."

"ಬರಿಯೇ. ಬರೀದೇ ಹೋದ್ರೆ ಇದು ಎರಡೆರಡು ತಿಂಗಳಿಗೆ ಅವರ ದಾರಿ ಕಾಯ್ತಾ ಕೂತಿರುತ್ತೆ. ನನಗದನ್ನ ನೋಡೋಕಾಗಲ್ಲ."

ಬರೆದೆ. ದಿನಾಂಕ ಹೋಗಿ ಆ ಜಾಗ ಖಾಲಿಯಾಯಿತು. ಅಕ್ಕ ಕತ್ತರಿಸುವ ಮೇಜಿನ ಹತ್ತಿರ ಹೋಗಿ ಸ್ಟೂಲಿನ ಮೇಲೆ ಕೂತಳು. ಇನ್ನೂ ಕತ್ತರಿ ಮುಟ್ಟದ ಬಟ್ಟೆಯಲ್ಲಿ ಮುಖ ಹುದುಗಿಸಿ ಅತ್ತಳು, ಭಾವ ಹೋದಾಗ ಅತ್ತ ಹಾಗೆ, ದನಿ ತೆಗೆದು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತೆ. ಆ ಬಟ್ಟೆ ಹೊಸ ಗಿರಾಕಿಯೊಬ್ಬರದು, ಅವರ ಮೊದಲನೇ ಲಾಡಿ ನೈಟಿ.